ಅಳಿಸದೆ ಉಳಿದ ತಂತಿ

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಛಾಯಾಚಿತ್ರವು ಬಳಕೆಗೆ ಬಂದ ಮೇಲೆ ಬಹಳ ಕಾಲ ಈ ಮಾತಿಗೆ ಒಂದು ವಿನಾಯಿತಿ ದೊರೆತಂತಾಗಿತ್ತು. 'ಫೋಟೋ ಇದೆ' ಎಂದರೆ ವಾದ ಮುಗಿಯುತ್ತಿತ್ತು. ಇಂದು ಆ ವಿನಾಯಿತಿ ಉಳಿದಿಲ್ಲ. ಬೇರೆಡೆಯ ಚಂದ್ರನನ್ನು ತಂದು ಗುಡ್ಡದ ಮೇಲೆ ಕೂರಿಸುವುದು ಇಂದು ಹತ್ತು ನಿಮಿಷದ ಕೆಲಸ. ಆದುದರಿಂದ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರು ಅಂತಿಮ ಸುತ್ತಿಗೆ ಬಂದವರಿಂದ ಚಿತ್ರದ ಮೂಲ ಕಡತವನ್ನು, ಎಂದರೆ 'ರಾ ಫೈಲ್' ಎಂದು ಕರೆಯುವುದನ್ನು, ಕೇಳಿ ಪಡೆಯುವುದು ಒಂದು ಪದ್ಧತಿಯೇ ಆಗಿದೆ. ಹೀಗೆ ಕೇಳಿಸಿಕೊಂಡ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಅವಳ ಹೆಸರನ್ನಾಗಲಿ, ಸ್ಪರ್ಧೆಯ ಹೆಸರನ್ನಾಗಲಿ ಹೇಳುವ ಅಗತ್ಯವಿಲ್ಲ. ನಡೆದುದಷ್ಟೇ ಮುಖ್ಯ.

ಆಕೆ ನನ್ನ ಕೈಯಲ್ಲಿ ಮೂರು ವರ್ಷ ವಿಜ್ಞಾನ ಓದಿದವಳು. ಮುಂದೆ ಪದವಿ ಮುಗಿಸಿ, ಪಟ್ಟಣದ ಒಂದು ಸ್ಟುಡಿಯೋದಲ್ಲಿ ಮದುವೆ ಮುಂಜಿಗಳ ಚಿತ್ರ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಸಿಂಗಪುರದಲ್ಲಿ ನೌಕರಿಯಲ್ಲಿದ್ದು ಊರಿಗೆ ಮರಳಿದ ಒಬ್ಬರಿಂದ ಹಳೆಯ ಕ್ಯಾಮೆರಾವೊಂದನ್ನು ಕೊಂಡಿದ್ದಳು. ದೂರದ ವಸ್ತುವನ್ನು ಹತ್ತಿರಕ್ಕೆ ತೋರುವ 600 ಮಿಲಿಮೀಟರಿನ ದೊಡ್ಡ ಲೆನ್ಸು ಮಾತ್ರ ಸ್ಟುಡಿಯೋದ್ದು. ಅದನ್ನು ಒಂದು ದಿನದ ಮಟ್ಟಿಗೆ ಎರವಲು ತಂದಿದ್ದಳು.

2023ರ ಮಾರ್ಚ್ 7, ಹೋಳಿ ಹುಣ್ಣಿಮೆ. ಗದಗ ಸೀಮೆಯಲ್ಲಿ ಅವಳ ಊರಿನ ಕೆರೆಯ ಆಚೆಗೆ ಒಂದು ಬೋಳು ಗುಡ್ಡವಿದೆ. ಎತ್ತರ ಹೆಚ್ಚೇನಿಲ್ಲ. ದಿನವೂ ಹೊತ್ತು ಮುಳುಗುವ ಸಮಯಕ್ಕೆ ಒಬ್ಬ ಮುದುಕ ಕುರಿಗಾಹಿ, ಹೆಗಲ ಮೇಲೆ ಕಂಬಳಿ ಹೊತ್ತು, ಆ ಗುಡ್ಡದ ನೆತ್ತಿಯನ್ನು ದಾಟಿ ತನ್ನ ಕುರಿಗಳನ್ನು ಹಟ್ಟಿಗೆ ಹೊಡೆದುಕೊಂಡು ಹೋಗುತ್ತಾನೆ. ಅವನು ದಾಟುವ ವೇಳೆಗೆ ಹುಣ್ಣಿಮೆಯ ಚಂದ್ರ ಅದೇ ನೆತ್ತಿಯ ಹಿಂದಿನಿಂದ ಏಳುವುದನ್ನು ಅವಳು ಹಿಂದಿನ ತಿಂಗಳೇ ಗಮನಿಸಿದ್ದಳು. ಈ ಸಲ ಅವಳು ಕೆರೆಯ ಏರಿಯ ಮೇಲೆ, ಗುಡ್ಡದಿಂದ ಸುಮಾರು 700 ಮೀಟರ್ ದೂರದಲ್ಲಿ, ಮುಕ್ಕಾಲಿಯನ್ನು ಊರಿ ಕಾದು ನಿಂತಳು. ಆರೂ ನಲವತ್ತರ ಹೊತ್ತಿಗೆ ಮುದುಕ ಚಂದ್ರಬಿಂಬದ ನಡುವೆ ಹಾದುಹೋದ. ಬಿಂಬದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಆತ ತೆಗೆದುಕೊಂಡದ್ದು ಆರೇಳು ಸೆಕೆಂಡುಗಳು ಮಾತ್ರ. ಅಷ್ಟರಲ್ಲಿ ಏಳೆಂಟು ಚಿತ್ರಗಳು ದಾಖಲಾದವು. ಅವುಗಳಲ್ಲಿ ನಡುವಿನ ಒಂದರಲ್ಲಿ ಮುದುಕನ ಕೋಲು, ಕಂಬಳಿಯ ಅಂಚು, ಮುಂದಿಟ್ಟ ಕಾಲು ಎಲ್ಲವೂ ಬಿಡಿಬಿಡಿಯಾಗಿ ಮೂಡಿದ್ದವು. ಅವಳು ಸ್ಪರ್ಧೆಗೆ ಕಳುಹಿಸಿದ್ದು ಆ ಚಿತ್ರವನ್ನು.

ಎರಡು ತಿಂಗಳ ತರುವಾಯ ತೀರ್ಪುಗಾರರಿಂದ ಪತ್ರ ಬಂದಿತು. ಚಿತ್ರವು ಅಂತಿಮ ಸುತ್ತಿಗೆ ಬಂದಿದೆ. ಆದರೆ ಎರಡು ಸಂದೇಹಗಳಿವೆ. ಮೊದಲನೆಯದು, ಮನುಷ್ಯನಿಗಿಂತ ಚಂದ್ರ ಮೂರು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತಿರುವುದರಿಂದ ಅದು ಬೇರೆ ಚಿತ್ರದಿಂದ ತಂದು ಸೇರಿಸಿದ್ದೋ ಎಂಬುದು. ಎರಡನೆಯದು ಇನ್ನೂ ಗಂಭೀರವಾದುದು. ಕಳುಹಿಸಿದ ಚಿತ್ರದಲ್ಲಿ ಅಡಕವಾಗಿದ್ದ ದಾಖಲೆಯ ಪ್ರಕಾರ ಅದನ್ನು ತೆಗೆದ ಸಮಯ ರಾತ್ರಿ 9 ಗಂಟೆ 10 ನಿಮಿಷ. ಆದರೆ ಚಿತ್ರದ ಆಕಾಶದಲ್ಲಿ ಇನ್ನೂ ಸಂಜೆಯ ನೀಲಿ ಉಳಿದಿದೆ, ಚಂದ್ರ ಗುಡ್ಡಕ್ಕೆ ತಗುಲಿಕೊಂಡಿದ್ದಾನೆ. ಐದು ದಿನಗಳೊಳಗೆ ಈ ಚಿತ್ರದ ಮೂಲ ಕಡತವನ್ನೂ, ಅದಕ್ಕೆ ಹಿಂದಿನ ಮೂರು ಮತ್ತು ಮುಂದಿನ ಮೂರು ಚಿತ್ರಗಳ ಮೂಲ ಕಡತಗಳನ್ನೂ ಕಳುಹಿಸತಕ್ಕದ್ದು. ತಪ್ಪಿದರೆ ಚಿತ್ರವನ್ನು ಸ್ಪರ್ಧೆಯಿಂದ ಕೈಬಿಡಲಾಗುವುದು.

ಆ ಪತ್ರವನ್ನು ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿದ್ದವು. "ಸರ್, ನಾನು ಸುಳ್ಳು ಮಾಡಿಲ್ಲರೀ. ಆದರೆ ಇವರು ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲ" ಎಂದಳು. ಸ್ಟುಡಿಯೋದ ಗೆಳೆಯರೊಬ್ಬರು ಆಗಲೇ ಒಂದು ದಾರಿ ತೋರಿಸಿದ್ದರಂತೆ: ಕಡತದಲ್ಲಿರುವ ಸಮಯವನ್ನು ಗಣಕದಲ್ಲಿ ತಿದ್ದಿ ಆರೂ ನಲವತ್ತು ಎಂದು ಮಾಡಿ ಕಳುಹಿಸಿಬಿಡುವುದು. ನಿಜವಾದ ಸಮಯವೂ ಅದೇ ತಾನೆ, ಅದರಲ್ಲಿ ಸುಳ್ಳೇನು ಬಂತು ಎಂಬುದು ಅವರ ವಾದ.

"ತಂಗೀ, ಆ ತಿದ್ದುವ ಮಾತು ಆಮೇಲೆ ನೋಡೋಣ. ಮೊದಲು ಚಂದ್ರನ ಮಾತು ತೀರಲಿ" ಎಂದು ಅವಳನ್ನು ಕೂರಿಸಿದೆ.

ಚಂದ್ರನ ಗಾತ್ರದ ಪ್ರಶ್ನೆಗೆ ಉತ್ತರ ಸುಲಭ. ಚಂದ್ರಬಿಂಬವು ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ತೋರುತ್ತದೆ. ಇದರ ಅರ್ಥ, ಯಾವುದೇ ದೂರದಲ್ಲಿ ಚಂದ್ರನು ಆ ದೂರದ 115ರಲ್ಲಿ ಒಂದು ಪಾಲಿನಷ್ಟು ಜಾಗವನ್ನು ತುಂಬುತ್ತಾನೆ ಎಂದು. ಇಪ್ಪತ್ತು ಮೀಟರ್ ದೂರದಲ್ಲಿ ನಿಂತ ಮನುಷ್ಯನ ಪಕ್ಕದಲ್ಲಿ ಚಂದ್ರ ಸುಮಾರು 17 ಸೆಂಟಿಮೀಟರ್ ಅಗಲದ ಒಂದು ತಟ್ಟೆಯಂತೆ ಕಾಣುತ್ತಾನೆ. ಅದೇ ಮನುಷ್ಯನಿಂದ ನಾವು 700 ಮೀಟರ್ ಹಿಂದೆ ಸರಿದರೆ ಮನುಷ್ಯ ಮೂವತ್ತೈದು ಪಟ್ಟು ಕುಗ್ಗುತ್ತಾನೆ, ಚಂದ್ರ ಕುಗ್ಗುವುದಿಲ್ಲ. ಮೂರೂ ಮುಕ್ಕಾಲು ಲಕ್ಷ ಕಿಲೋಮೀಟರಿಗಿಂತಲೂ ಆಚೆ ಇರುವವನಿಗೆ ನಾವು ಕೆರೆಯ ಏರಿಗೆ ಸರಿದದ್ದು ಯಾವ ಲೆಕ್ಕ? 700ನ್ನು 115ರಿಂದ ಭಾಗಿಸಿದರೆ ಆರು ಮೀಟರ್ ಬರುತ್ತದೆ. ಆ ದೂರದಲ್ಲಿ ಚಂದ್ರನು ಆರು ಮೀಟರ್ ಅಗಲದ ಗಾಲಿಯಂತೆ ಕುರಿಗಾಹಿಯ ಬೆನ್ನ ಹಿಂದೆ ನಿಲ್ಲುತ್ತಾನೆ. ಮುದುಕನ ಎತ್ತರ ಒಂದೂಮುಕ್ಕಾಲು ಮೀಟರಿನೊಳಗೆ. ಚಿತ್ರದಲ್ಲಿ ಅಳೆದು ನೋಡಿದಾಗ ಅವನು ಬಿಂಬದ ಕಾಲು ಭಾಗಕ್ಕಿಂತ ತುಸು ಹೆಚ್ಚಾಗಿದ್ದ. ಲೆಕ್ಕ ಸರಿಹೋಯಿತು. 600 ಮಿಲಿಮೀಟರಿನ ಲೆನ್ಸು ಚಂದ್ರನನ್ನು ದೊಡ್ಡದು ಮಾಡಿ ಮನುಷ್ಯನನ್ನು ಸಣ್ಣದು ಮಾಡುವುದಿಲ್ಲ. ದೂರವು ಸೃಷ್ಟಿಸಿದ ಪ್ರಮಾಣವನ್ನು ಅದು ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ.

ಆದರೆ ಲೆಕ್ಕ ಸರಿಹೋಯಿತೆಂದರೆ ಚಿತ್ರ ನಿಜವೆಂದು ಆಗಲಿಲ್ಲ. ಲೆಕ್ಕ ಬಲ್ಲ ಮೋಸಗಾರನು ಸರಿಯಾದ ಅಳತೆಯ ಚಂದ್ರನನ್ನೇ ಅಂಟಿಸಬಲ್ಲ. ಆದ್ದರಿಂದಲೇ ತೀರ್ಪುಗಾರರಿಗೆ ಬೇಕಾದುದು ಮೂಲ ಕಡತ.

ಈ ಮೂಲ ಕಡತವೆಂದರೇನು ಎಂಬುದನ್ನು ಓದುಗರಿಗೆ ತುಸು ವಿವರಿಸಬೇಕು. ಕ್ಯಾಮೆರಾದೊಳಗೆ ಹಿಂದೆ ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಬೆಳಕನ್ನು ಅಳೆಯುವ ಕೋಟ್ಯಂತರ ಸೂಕ್ಷ್ಮ ಬಿಂದುಗಳ ಒಂದು ಫಲಕವಿದೆ. ಅವಳ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000, ಒಟ್ಟು 2 ಕೋಟಿ 40 ಲಕ್ಷ ಬಿಂದುಗಳು. ಈ ಬಿಂದುಗಳಿಗೆ ಬಣ್ಣ ತಿಳಿಯದು, ಬೆಳಕಿನ ಪ್ರಮಾಣ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಒಂದೊಂದರ ಮೇಲೂ ಒಂದೊಂದು ಬಣ್ಣದ ಶೋಧಕವನ್ನು ಹೊದಿಸಿರುತ್ತಾರೆ. ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಹೀಗಾಗಿ ಒಂದು ಬಿಂದು ಒಂದೇ ಬಣ್ಣದ ಬೆಳಕನ್ನು ಅಳೆದು ಒಂದೇ ಸಂಖ್ಯೆಯನ್ನು ಬರೆದಿಡುತ್ತದೆ. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬಿಸುವುದು ಆಮೇಲಿನ ಕೆಲಸ. ಊಹಿಸುವುದಕ್ಕೂ ಮುಂಚಿನ, ಅಳೆದದ್ದನ್ನು ಅಳೆದಂತೆಯೇ ಬರೆದಿಟ್ಟ ಸಂಖ್ಯೆಗಳ ಮೊತ್ತವೇ ಮೂಲ ಕಡತ. ಅದು ನೋಡುವ ಚಿತ್ರವಲ್ಲ, ಚಿತ್ರವಾಗಬೇಕಾದ ಸಾಮಗ್ರಿ. ನಾವು ಮೊಬೈಲಿನಲ್ಲಿ ನೋಡುವ, ಒಬ್ಬರಿಗೊಬ್ಬರು ಕಳುಹಿಸುವ ಜೆಪೆಗ್ ಚಿತ್ರವಾದರೋ ಬೆಂದು ಸಿದ್ಧವಾದ ಅಡುಗೆ. ಮೂಲದಲ್ಲಿ ಬೆಳಕಿನ 16,384 ಮೆಟ್ಟಿಲುಗಳಿದ್ದರೆ ಇದರಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಉಳಿದಿರುತ್ತವೆ.

ಅಕ್ಕಿಯಿಂದ ಅನ್ನವಾಗುತ್ತದೆ, ಅನ್ನವನ್ನು ಮರಳಿ ಅಕ್ಕಿ ಮಾಡಲಾಗದು. ಮೂಲ ಕಡತದ ಸಾಕ್ಷ್ಯಬಲವಿರುವುದು ಇಲ್ಲಿಯೇ. ಚಿತ್ರವನ್ನು ತಿದ್ದುವ ತಂತ್ರಾಂಶಗಳು ಮೂಲ ಕಡತವನ್ನು ಓದುತ್ತವೆ, ಆದರೆ ಅದರೊಳಗಿನ ಬೆಳಕಿನ ಸಂಖ್ಯೆಗಳನ್ನು ಮುಟ್ಟುವುದಿಲ್ಲ. ಬೆಳಕು ಹೆಚ್ಚಿಸು, ಅಂಚು ಕತ್ತರಿಸು ಎಂಬ ನಮ್ಮ ಆಜ್ಞೆಗಳನ್ನು ಅವು ಪ್ರತ್ಯೇಕವಾಗಿ ಬರೆದಿಟ್ಟುಕೊಂಡು ಹೊಸ ಚಿತ್ರವನ್ನು ಬೇರೆಯೇ ತಯಾರಿಸುತ್ತವೆ. ಕೆಲವರು ಜೆಪೆಗ್ ಚಿತ್ರವನ್ನು ಮೂಲ ಕಡತದ ಹೆಸರುಳ್ಳ ಹೊದಿಕೆಯಲ್ಲಿ ಸುತ್ತಿ ಕಳುಹಿಸುವುದುಂಟು. ಅದು ಅನ್ನವನ್ನು ಅಕ್ಕಿಯ ಚೀಲದಲ್ಲಿ ತುಂಬಿದಂತೆ. ತೆರೆದು ನೋಡಿದೊಡನೆ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಬಿಂದುವಿಗೊಂದು ಬಣ್ಣದ ಆ ಚೌಕುಳಿ ಇರುವುದಿಲ್ಲ. ಪ್ರತಿ ಬಿಂದುವಿಗೂ ಮೂರು ಬಣ್ಣ ತುಂಬಿಹೋಗಿರುತ್ತವೆ.

ನಮ್ಮ ಹುಡುಗಿಯ ಅದೃಷ್ಟಕ್ಕೆ ಅವಳು ಎಲ್ಲ ಮೂಲ ಕಡತಗಳನ್ನೂ ಕ್ಯಾಮೆರಾ ಕೊಟ್ಟ ಹೆಸರಿನಲ್ಲೇ ಜೋಪಾನವಾಗಿ ಇಟ್ಟಿದ್ದಳು. ಸ್ಪರ್ಧೆಗೆ ಕಳುಹಿಸಿದ್ದರ ಮೂಲ `DSC_4127.NEF`. ಅದರ ಹಿಂದೆ ಮುಂದೆ 4124ರಿಂದ 4130ರವರೆಗೆ ಒಂದೂ ತಪ್ಪದೆ ಏಳೂ ಇದ್ದವು.

ಇನ್ನು ಸಮಯದ ಪ್ರಶ್ನೆ. ಗೆಳೆಯರು ಹೇಳಿದಂತೆ ತಿದ್ದಬಹುದೆ? ತಿದ್ದಲು ಸಾಧ್ಯ ಎಂಬುದೇ ಇಲ್ಲಿನ ತೊಡಕು. ಮೂಲ ಕಡತದಲ್ಲಿ ಎರಡು ಬಗೆಯ ಸಾಕ್ಷ್ಯಗಳಿವೆ. ಬೆಳಕಿನ ಸಂಖ್ಯೆಗಳು ಒಂದು. ಅವನ್ನು ಗುರುತು ಸಿಗದಂತೆ ಮಾರ್ಪಡಿಸುವುದು ಬಹು ಕಷ್ಟ. ದಿನಾಂಕ, ಗಂಟೆ, ಲೆನ್ಸು, ಬೆಳಕು ಒಳಬಿಟ್ಟ ಅವಧಿ ಮುಂತಾದ ಟಿಪ್ಪಣಿಗಳು ಇನ್ನೊಂದು; ಅವನ್ನು ಯಾರು ಬೇಕಾದರೂ ಕ್ಷಣಾರ್ಧದಲ್ಲಿ ತಿದ್ದಬಹುದು. ಆದರೆ ಕ್ಯಾಮೆರಾ ಸಮಯವನ್ನು ಕಡತದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರೆದಿರುತ್ತದೆ. ಒಂದು ಕಡೆ ತಿದ್ದಿದವನು ಇನ್ನೊಂದು ಕಡೆ ಮರೆಯುತ್ತಾನೆ. ಪರೀಕ್ಷಕರಿಗೆ ಅದು ಸಿಕ್ಕಿತೆಂದರೆ, ಅಲ್ಲಿಯವರೆಗೆ ತಪ್ಪು ಗಡಿಯಾರವಾಗಿದ್ದುದು ಆ ಕ್ಷಣದಿಂದ ತಿದ್ದಿದ ದಾಖಲೆಯಾಗುತ್ತದೆ. ಮೊದಲನೆಯದು ಕ್ಯಾಮೆರಾದ ದೋಷ. ಎರಡನೆಯದು ಮನುಷ್ಯನ ದೋಷ.

ಇಷ್ಟನ್ನು ನಾನು ವಿವರಿಸಿದೆನೇ ಹೊರತು ಹೀಗೆ ಮಾಡು ಎಂದು ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, "ಇರೋ ಹಂಗೇ ಕಳಸ್ತೀನಿರೀ ಸರ್. ಆದರೆ ಗಡಿಯಾರ ಯಾಕೆ ತಪ್ಪು ತೋರಿಸಿತು ಅಂತ ಹುಡುಕೋಣ" ಎಂದಳು.

ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಮೂಲ ಕಡತದ ಟಿಪ್ಪಣಿಗಳನ್ನೆಲ್ಲ ಒಂದೊಂದಾಗಿ ತೆರೆದು ಓದುತ್ತ ಹೋದಾಗ, ಕ್ಯಾಮೆರಾದ ಗಡಿಯಾರ ಯಾವ ದೇಶದ ಕಾಲವನ್ನು ಅನುಸರಿಸುತ್ತಿದೆ ಎಂಬ ನಮೂದು ಸಿಕ್ಕಿತು. ಅಲ್ಲಿ `+08:00` ಎಂದಿತ್ತು. ಎಂದರೆ ಲಂಡನ್ನಿನ ಗ್ರೀನಿಚ್ ಕಾಲಕ್ಕಿಂತ ಎಂಟು ಗಂಟೆ ಮುಂದೆ, ಸಿಂಗಪುರದ ಕಾಲ. ನಮ್ಮ ದೇಶದ ಕಾಲ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಎರಡರ ನಡುವೆ ಎರಡೂವರೆ ಗಂಟೆಯ ಅಂತರ. ರಾತ್ರಿ 9-10ರಿಂದ ಎರಡೂವರೆ ಗಂಟೆ ಕಳೆದರೆ ಸಂಜೆ 6-40. ಹಿಂದಿನ ಯಜಮಾನರು ಸಿಂಗಪುರದಲ್ಲಿ ಹೊಂದಿಸಿದ ಗಡಿಯಾರ ಹಾಗೆಯೇ ನಡೆಯುತ್ತಿತ್ತು, ಇವಳು ಅತ್ತ ನೋಡಿರಲಿಲ್ಲ.

ಇದು ಒಂದು ಸಾಕ್ಷಿ. ಟಿಪ್ಪಣಿಯನ್ನು ತಿದ್ದಬಹುದೆಂದು ನಾವೇ ಒಪ್ಪಿದ ಮೇಲೆ ಇದನ್ನೂ ತಿದ್ದಿರಬಹುದೆಂದು ಯಾರಾದರೂ ಹೇಳಿಯಾರು. ಆದುದರಿಂದ ಟಿಪ್ಪಣಿಯ ಹೊರಗಿನ ಸಾಕ್ಷಿಯೊಂದು ಬೇಕಾಗಿತ್ತು. ಅದೇ ದಿನ ಬೆಳಿಗ್ಗೆ ಅವಳು ಪಟ್ಟಣದಲ್ಲಿ ಹೋಳಿಯ ಬಣ್ಣದಾಟದ ಚಿತ್ರಗಳನ್ನು ತೆಗೆದಿದ್ದಳು. ಅವುಗಳ ಮೂಲ ಕಡತಗಳೂ ಇದ್ದವು. ಒಂದರಲ್ಲಿ ಬಣ್ಣ ಮೆತ್ತಿದ ಹುಡುಗರ ಹಿಂದೆ ಬಸ್ ನಿಲ್ದಾಣದ ಗೋಡೆ ಗಡಿಯಾರ ಸ್ಪಷ್ಟವಾಗಿ ಕಾಣುತ್ತಿತ್ತು. ಮುಳ್ಳುಗಳು ಹತ್ತೂ ಇಪ್ಪತ್ತರಲ್ಲಿದ್ದವು. ಕಡತದ ಟಿಪ್ಪಣಿ ಹನ್ನೆರಡೂ ಐವತ್ತು ಎನ್ನುತ್ತಿತ್ತು. ಅದೇ ಎರಡೂವರೆ ಗಂಟೆ! ಆ ಗಡಿಯಾರ ಬರೀ ಟಿಪ್ಪಣಿಯಲ್ಲ. ಬೆಳಕಿನ ಸಂಖ್ಯೆಗಳಲ್ಲೇ ಬರೆದುಹೋಗಿದ್ದ ಸಮಯ ಅದು.

ಮೂರನೆಯ ಸಾಕ್ಷಿ ಆಕಾಶದ್ದು. ಆ ದಿನ ನಮ್ಮ ಕಡೆ ಸೂರ್ಯ ಮುಳುಗಿದ್ದು ಆರೂವರೆಯ ಆಸುಪಾಸಿನಲ್ಲಿ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿ ಇರುವುದರಿಂದ ಹೆಚ್ಚು ಕಡಮೆ ಅದೇ ವೇಳೆಗೆ ಏಳುತ್ತಾನೆ. ಒಂಬತ್ತೂ ಹತ್ತರ ಹೊತ್ತಿಗೆ ಅವನು ದಿಗಂತದಿಂದ ಸುಮಾರು 40 ಡಿಗ್ರಿ ಮೇಲೇರಿರುತ್ತಾನೆ. ಕೆರೆಯ ಏರಿಯಿಂದ ನೋಡುವವರಿಗೆ ಆ ಗುಡ್ಡದ ನೆತ್ತಿಯ ಎತ್ತರ ತೀರ ಕಡಮೆ. ಆದುದರಿಂದ ಚಿತ್ರದಲ್ಲಿದ್ದಂತೆ ಚಂದ್ರ ನೆತ್ತಿಗೆ ತಗುಲಿ ನಿಲ್ಲಲು, ಆಕಾಶದಲ್ಲಿ ಸಂಜೆಯ ನೀಲಿ ಉಳಿದಿರಲು, ಆರೂ ನಲವತ್ತರ ಹೊತ್ತೇ ತಕ್ಕದ್ದು.

ಇಷ್ಟಾದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇತ್ತು: ಮುದುಕನೂ ಚಂದ್ರನೂ ಒಂದೇ ಕ್ಷಣದಲ್ಲಿ ಒಂದೇ ಲೆನ್ಸಿನ ಮುಂದೆ ಇದ್ದರೆಂಬುದನ್ನು ತೋರಿಸುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಅವಳು ನಾಚಿಕೊಂಡಿದ್ದ ಒಂದು ದೋಷದಿಂದ. ಗುಡ್ಡದ ಮೇಲಿನ ಸಣ್ಣ ಗುಡಿಗೆ ದೀಪಕ್ಕೆಂದು ಎಳೆದ ವಿದ್ಯುತ್ ತಂತಿಯೊಂದು ಚಿತ್ರದಲ್ಲಿ ಚಂದ್ರನ ಮೇಲ್ಭಾಗವನ್ನು ಕೂದಲೆಳೆಯಂತೆ ಅಡ್ಡಲಾಗಿ ಸೀಳಿತ್ತು. ಏಳುನೂರು ಮೀಟರ್ ದೂರದ ತಂತಿ, ಫಲಕದ ಮೇಲೆ ಅದರ ದಪ್ಪ ಎರಡು ಬಿಂದುಗಳಷ್ಟೂ ಇಲ್ಲ. ಆದರೂ ಕಣ್ಣಿಗೆ ಕುಕ್ಕುತ್ತಿತ್ತು. ಸ್ಪರ್ಧೆಗೆ ಕಳುಹಿಸುವ ಮುನ್ನ ಅದನ್ನು ಅಳಿಸಿಬಿಡು ಎಂದು ನೋಡಿದವರೆಲ್ಲ ಹೇಳಿದ್ದರು. ನಿಯಮಾವಳಿಯಲ್ಲಿ ಚಿತ್ರದಿಂದ ಏನನ್ನೂ ತೆಗೆಯಬಾರದು, ಏನನ್ನೂ ಸೇರಿಸಬಾರದು ಎಂದಿದ್ದುದರಿಂದ ಅವಳು ಮನಸ್ಸಿಲ್ಲದ ಮನಸ್ಸಿನಿಂದ ಹಾಗೆಯೇ ಬಿಟ್ಟಿದ್ದಳು.

ಈಗ ಏಳೂ ಚಿತ್ರಗಳನ್ನು ಗಣಕದಲ್ಲಿ ಒಂದರ ಮೇಲೊಂದು ಇಟ್ಟು ನೋಡಿದೆವು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಅಲುಗದೆ ನಿಂತಿದ್ದುದರಿಂದ ಗುಡ್ಡದ ಬಂಡೆಗಳೂ ತಂತಿಯೂ ಏಳರಲ್ಲೂ ಒಂದೇ ಜಾಗದಲ್ಲಿದ್ದವು. ಮುದುಕ ಮಾತ್ರ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿದಿದ್ದ. ಚಂದ್ರನೂ ಸರಿದಿದ್ದ! ಭೂಮಿಯ ತಿರುಗುವಿಕೆಯಿಂದಾಗಿ ಚಂದ್ರ ತನ್ನ ಅಗಲದಷ್ಟು ದೂರವನ್ನು ಕ್ರಮಿಸಲು ಎರಡು ನಿಮಿಷ ಬೇಕು. ಮೊದಲ ಚಿತ್ರದಿಂದ ಕೊನೆಯ ಚಿತ್ರಕ್ಕೆ ಆರು ಸೆಕೆಂಡು. ಆ ಅವಧಿಯಲ್ಲಿ ಅವನು ತನ್ನ ಅಗಲದ ಇಪ್ಪತ್ತನೆಯ ಒಂದು ಪಾಲಿನಷ್ಟು ಸರಿಯಬೇಕು. ಈ ಚಿತ್ರದಲ್ಲಿ ಚಂದ್ರನ ಅಗಲ ಸುಮಾರು 1300 ಬಿಂದು. ಅದರ ಇಪ್ಪತ್ತನೆಯ ಪಾಲು 65. ಅಚಲವಾದ ತಂತಿಯನ್ನು ಗೆರೆಯಾಗಿ ಇಟ್ಟುಕೊಂಡು ಚಂದ್ರನ ಅಂಚನ್ನು ಅಳೆದಾಗ ಸರಿದದ್ದು ಅರವತ್ತರ ಮೇಲಿತ್ತು. ಸರಿದ ದಿಕ್ಕು ಮೇಲಕ್ಕೆ, ತುಸು ಬಲಕ್ಕೆ. ನಮ್ಮ ಅಕ್ಷಾಂಶದಲ್ಲಿ ಪೂರ್ವದಲ್ಲಿ ಏಳುವ ಚಂದ್ರ ಹಾಗೆಯೇ ದಕ್ಷಿಣಕ್ಕೆ ಓರೆಯಾಗಿ ಏರುತ್ತಾನೆ. ಅಂಟಿಸಿದ ಚಂದ್ರ ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ. ಅವಳು ಆ ಅಳತೆಯ ಪಟ್ಟಿಯನ್ನು ನೋಡುತ್ತ, "ಆ ತಂತಿ ಅಳಿಸಿದ್ದರೆ?" ಎಂದಳು. ಅಳಿಸಿದ್ದರೆ ಅಳೆಯಲು ಆ ಗೆರೆ ಸಿಗುತ್ತಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಮೂಲದಲ್ಲಿರುವ ತಂತಿ ಕಳುಹಿಸಿದ ಚಿತ್ರದಲ್ಲಿ ಇಲ್ಲವೆಂಬುದೊಂದೇ ಅವಳನ್ನು ಹೊರಗೆ ಹಾಕಲು ಸಾಕಾಗುತ್ತಿತ್ತು.

ಇದು ಬರೀ ಅಂಜಿಕೆಯ ಮಾತಲ್ಲ. 2010ರಲ್ಲಿ 'ವರ್ಲ್ಡ್ ಪ್ರೆಸ್ ಫೋಟೋ' ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕೀವ್ ನಗರದ ಬೀದಿ ಕಾಳಗದ ಚಿತ್ರಮಾಲೆಯೊಂದಕ್ಕೆ ಬಹುಮಾನ ಬಂದಿತ್ತು. ಮೂಲ ಕಡತವನ್ನು ತರಿಸಿ ಹೋಲಿಸಿದಾಗ, ಒಂದು ಚಿತ್ರದಲ್ಲಿ ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದ ಕೈಯ ಬಳಿ ಕಾಣುತ್ತಿದ್ದ ಇನ್ನೊಬ್ಬರ ಪಾದದ ತುಣುಕೊಂದನ್ನು ಅಳಿಸಿರುವುದು ತಿಳಿಯಿತು. ಛಾಯಾಗ್ರಾಹಕರು ಚಿತ್ರದ ಬಹುಭಾಗವನ್ನು ಕತ್ತರಿಸಿ ಹಾಕಿದ್ದರು, ಬಣ್ಣವನ್ನು ತೆಗೆದು ಕಪ್ಪು ಬಿಳುಪು ಮಾಡಿದ್ದರು. ಬಹುಮಾನ ಹೋದದ್ದು ಅದಕ್ಕಾಗಿ ಅಲ್ಲ. ಚೌಕಟ್ಟಿನೊಳಗೆ ಇದ್ದುದನ್ನು ಇಲ್ಲವೆನಿಸಿದ ಆ ಒಂದು ಸಣ್ಣ ತುಣುಕಿಗಾಗಿ ಬಹುಮಾನವನ್ನು ಹಿಂದಕ್ಕೆ ಪಡೆಯಲಾಯಿತು.

ಅವಳು ಏಳು ಮೂಲ ಕಡತಗಳನ್ನೂ, ಬಸ್ ನಿಲ್ದಾಣದ ಗಡಿಯಾರವಿದ್ದ ಕಡತವನ್ನೂ, ಒಂದು ಪುಟದ ವಿವರಣೆಯನ್ನೂ ನಾಲ್ಕನೆಯ ದಿನ ಕಳುಹಿಸಿದಳು. ವಿವರಣೆಯ ಮೊದಲ ವಾಕ್ಯವೇ "ನನ್ನ ಕ್ಯಾಮೆರಾದ ಗಡಿಯಾರ ಎರಡೂವರೆ ಗಂಟೆ ಮುಂದಿತ್ತು, ನಾನು ಅದನ್ನು ತಿದ್ದಿಲ್ಲ" ಎಂದಿತ್ತು.

ವಾರದ ಮೇಲೆ ಮತ್ತೊಂದು ಪತ್ರ ಬಂದಿತು. ಕಡತಗಳು ತೃಪ್ತಿಕರವಾಗಿವೆ, ಆದರೆ ಇನ್ನೊಂದು ಪ್ರಶ್ನೆ ಇದೆ. ಆ ಮುದುಕನನ್ನು ಅಲ್ಲಿ ನಡೆಯುವಂತೆ ನೀವು ಹೇಳಿದ್ದಿರೋ? ಅವಳು ಭಾಗವಹಿಸಿದ್ದ ವಿಭಾಗದಲ್ಲಿ ದೃಶ್ಯವನ್ನು ಏರ್ಪಡಿಸುವುದಕ್ಕೆ ಅವಕಾಶವಿರಲಿಲ್ಲ.

ಈ ಪ್ರಶ್ನೆ ನನಗೆ ಮೊದಲಿನ ಎರಡಕ್ಕಿಂತಲೂ ದೊಡ್ಡದೆಂದು ತೋರಿತು, ಏಕೆಂದರೆ ಇದಕ್ಕೆ ಮೂಲ ಕಡತದಲ್ಲಿ ಉತ್ತರವಿಲ್ಲ. ಲೆನ್ಸಿನೊಳಗೆ ಯಾವ ಬೆಳಕು ಬಂದಿತು ಎಂಬುದನ್ನು ಅದು ಹೇಳಬಲ್ಲುದು. ಆ ಬೆಳಕು ಯಾವುದರ ಮೇಲಿಂದ ಬಂದಿತು, ಅದು ಅಲ್ಲಿಗೆ ಹೇಗೆ ಬಂದಿತು ಎಂಬುದನ್ನು ಹೇಳಲಾರದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2017ರಲ್ಲಿ ಬ್ರೆಜಿಲ್ ದೇಶದ ಒಂದು ಚಿತ್ರಕ್ಕೆ ಬಹುಮಾನ ಬಂದಿತು. ರಾತ್ರಿಯಲ್ಲಿ ಹೊಳೆಯುವ ಹುತ್ತದ ಬಳಿ ನಿಂತ ಇರುವೆಬಾಕ ಪ್ರಾಣಿಯ ಚಿತ್ರ ಅದು. ಆ ಪ್ರಾಣಿ ಅಲ್ಲಿನ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಹುಲ್ಲು ತುಂಬಿ ಇಟ್ಟಿದ್ದ ಗೊಂಬೆಯಂತಿದೆ ಎಂದು ಯಾರೋ ಸೂಚಿಸಿದರು. ಪರಿಣತರು ಎರಡರ ಗುರುತುಗಳನ್ನು, ನಿಂತ ಭಂಗಿಯನ್ನು, ಕೂದಲ ಕುಚ್ಚುಗಳನ್ನು ಹೋಲಿಸಿ ಅದು ಅದೇ ಇರಬೇಕೆಂದು ತೀರ್ಮಾನಿಸಿದರು. ಛಾಯಾಗ್ರಾಹಕರು ಆರೋಪವನ್ನು ನಿರಾಕರಿಸಿದರು. ಚಿತ್ರಕ್ಕೆ ಹಿಂದಿನ ಮತ್ತು ಮುಂದಿನ ಮೂಲ ಕಡತಗಳನ್ನೂ ಒದಗಿಸಿದರು. ಅವುಗಳಲ್ಲಿ ಯಾವುದರಲ್ಲೂ ಆ ಪ್ರಾಣಿ ಇರಲಿಲ್ಲ. 2018ರಲ್ಲಿ ಬಹುಮಾನವನ್ನು ರದ್ದುಪಡಿಸಲಾಯಿತು. ಅಲ್ಲಿ ಸಂಶಯ ಬಿದ್ದದ್ದು ಬೆಳಕಿನ ಸಂಖ್ಯೆಗಳ ಮೇಲಲ್ಲ, ಲೆನ್ಸಿನ ಮುಂದೆ ನಿಂತಿದ್ದುದರ ಮೇಲೆ.

ಹಾಗಾದರೆ ನಮ್ಮ ಹುಡುಗಿ ಏನು ಬರೆಯಬೇಕು? ಅವಳು ಬರೆದದ್ದರ ಸಾರಾಂಶ ಇದು. ಹಿಂದಿನ ದಿನ ಅವಳು ಕುರಿಗಾಹಿಯ ಬಳಿಗೆ ಹೋಗಿ, "ಅಜ್ಜಾ, ನಾಳೆ ಎಷ್ಟೊತ್ತಿಗೆ ಕುರಿ ಹೊಡಕೊಂಡು ಬರ್ತೀಯ?" ಎಂದು ಕೇಳಿದ್ದಳು. "ಯವ್ವಾ, ನಾಳೆ ಹುಣ್ಣಿಮಿ, ಬೆಳಕಿರ್ತದ. ಹೊತ್ತು ಮುಳುಗಿದ ಮ್ಯಾಲೇ ಬರ್ತೀನಿ" ಎಂದು ಅವನು ಹೇಳಿದ್ದ. ಚಿತ್ರ ತೆಗೆಯುತ್ತೇನೆಂದು ಅವಳು ತಿಳಿಸಿದ್ದಳು. ಅವನು ನಕ್ಕು ಒಪ್ಪಿದ್ದ. ಇಂತಹ ಕಡೆ ನಡೆ, ಇಂತಹ ಕಡೆ ನಿಲ್ಲು ಎಂದು ಅವಳು ಹೇಳಿರಲಿಲ್ಲ, ಹಣವನ್ನೂ ಕೊಟ್ಟಿರಲಿಲ್ಲ. ಅವನು ನಡೆದದ್ದು ದಿನವೂ ನಡೆಯುವ ದಾರಿಯಲ್ಲಿಯೇ. ಚಂದ್ರ ಅವನ ಬೆನ್ನಿಗೆ ಬರುವಂತೆ ಏರಿಯ ಮೇಲೆ ಹತ್ತಿಪ್ಪತ್ತು ಹೆಜ್ಜೆ ಅತ್ತಿತ್ತ ಸರಿದು ನಿಂತವಳು ಅವಳು.

ಕೇಳಿಕೊಂಡದ್ದನ್ನು ಬರೆಯಬೇಕಾಗಿತ್ತೆ ಎಂದು ಅವಳ ಗೆಳೆಯರು ಆಕ್ಷೇಪಿಸಿದರಂತೆ. ಯಾರಿಗೂ ತಿಳಿಯುವ ದಾರಿಯೇ ಇಲ್ಲದ ಸಂಗತಿ ಅದು. ಆದರೆ ಸಮಯ ತಿಳಿದುಕೊಂಡು ಕಾಯುವುದು ಬೇರೆ, ಮನುಷ್ಯನನ್ನು ಕರೆತಂದು ನಿಲ್ಲಿಸುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಎಳೆಯಬೇಕಾದವರು ತೀರ್ಪುಗಾರರು. ಅವರು ಎಳೆಯಲು ಬೇಕಾದ ವಿವರವನ್ನು ಮುಚ್ಚಿಟ್ಟರೆ ಆ ಗೆರೆಯನ್ನು ಇವಳೇ ಎಳೆದಂತಾಗುತ್ತಿತ್ತು. ಏಳು ಕಡತಗಳು ತಮ್ಮ ಪಾಲಿನ ಸಾಕ್ಷ್ಯವನ್ನು ನುಡಿದಿದ್ದವು. ಉಳಿದದ್ದು ಅವಳ ಮಾತಿನ ಮೇಲೆ ನಿಂತಿತ್ತು. ಗಡಿಯಾರದ ತಪ್ಪನ್ನು ತಿದ್ದದೆ ಕಳುಹಿಸಿದವಳ ಮಾತೆಂದು ತೀರ್ಪುಗಾರರು ಅದನ್ನು ನಂಬಿದರೆಂದು ನಾನು ಭಾವಿಸುತ್ತೇನೆ. ಆ ಟಿಪ್ಪಣಿಯಲ್ಲಿ ಆರೂ ನಲವತ್ತು ಎಂದು ತಿದ್ದಿದ್ದು ಅವರಿಗೆ ಸಿಕ್ಕಿದ್ದರೆ, ಮುದುಕನ ವಿಷಯದಲ್ಲಿ ಅವಳು ಆಡಿದ ನಿಜಕ್ಕೂ ಬೆಲೆ ಇರುತ್ತಿರಲಿಲ್ಲ.

ಚಿತ್ರಕ್ಕೆ ಆ ವಿಭಾಗದ ಮೂರನೆಯ ಬಹುಮಾನ ಬಂದಿತು. ಬಂದ ಹಣದಲ್ಲಿ ದೊಡ್ಡ ಲೆನ್ಸು ಕೊಳ್ಳಲಾಗಲಿಲ್ಲ; ಒಂದು ಹಾರ್ಡ್ ಡಿಸ್ಕನ್ನು ಕೊಂಡು ತನ್ನ ಎಲ್ಲ ಮೂಲ ಕಡತಗಳ ಇನ್ನೊಂದು ಪ್ರತಿಯನ್ನು ಅದರಲ್ಲಿ ಇಟ್ಟಿದ್ದಾಳೆ. ಚಿತ್ರದ ದೊಡ್ಡ ಪ್ರತಿಯೊಂದನ್ನು ಕಟ್ಟು ಹಾಕಿಸಿ ಕುರಿಗಾಹಿ ಅಜ್ಜನ ಹಟ್ಟಿಗೆ ಒಯ್ದು ಕೊಟ್ಟಳಂತೆ. ಆತ ಬಹಳ ಹೊತ್ತು ದಿಟ್ಟಿಸಿ ನೋಡಿ, ಚಂದ್ರನ ಮೇಲಿನ ಆ ಗೆರೆಯ ಮೇಲೆ ಬೆರಳಿಟ್ಟು, "ಇದು ಗುಡಿಗೆ ಹೋಗೋ ಲೈನು" ಎಂದು ಗುರುತು ಹಿಡಿದನಂತೆ.